‘ಹೋದ’ ಎಂದರೆ ಸತ್ತ ಎಂದಲ್ಲ

ಮೂರನೆಯ ಲೇಖನ ಓದುವ ಹೊತ್ತಿಗೆ ನನಗೆ ತಲೆ ಕೆಟ್ಟಿತ್ತು. ಮೊದಲ ಲೇಖನದ ಹೆಂಗಸಿನ ಕಣ್ಣುಗಳಲ್ಲಿ ಭರವಸೆಯ ಹೊಳಪಿತ್ತು. ಎರಡನೆಯವಳ ಕಣ್ಣುಗಳಲ್ಲೂ ಭರವಸೆಯ ಹೊಳಪಿತ್ತು. ಮೂರನೆಯವಳ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ ಎಂದು ಆಕೆಯೇ ಹೇಳಿಕೊಂಡಿದ್ದಾಳೆ, ಆದರೂ ಅಲ್ಲಿಯೂ ಅದೇ ಹೊಳಪು. ಪ್ರತಿಯೊಬ್ಬಳ ಬದುಕೂ ‘ಕೇವಲ ಒಂದು ಕಥೆಯಲ್ಲ, ಅದೊಂದು ಸಂದೇಶ’ವಾಗಿತ್ತು. ಪ್ರತಿಯೊಬ್ಬಳೂ ಕೊನೆಯ ಸಾಲಿನಲ್ಲಿ ಇಂದಿನ ಪೀಳಿಗೆಗೆ ಸ್ಫೂರ್ತಿಯಾಗಿ ನಿಲ್ಲುತ್ತಿದ್ದಳು.

ನಾನು ರಾಯಚೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಸುಮ್ಮನೆ ಕೂತರೆ ಮಂಡಿ ಹಿಡಿಯುತ್ತದೆ ಎಂದು ಊರಿನ ಪ್ರೆಸ್‌ಗಳಿಗೆ ಕರಡು ತಿದ್ದಿಕೊಡುತ್ತೇನೆ. ಮದುವೆ ಕಾರ್ಡಿನಿಂದ ಹಿಡಿದು ಮಠದ ಸ್ಮರಣ ಸಂಚಿಕೆಯವರೆಗೆ ಎಲ್ಲವೂ ನನ್ನ ಕೈಯ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಿವೆ. ಈ ಸಲ ಬಂದದ್ದು ಒಂದು ಟ್ರಸ್ಟಿನ ಪುಸ್ತಕ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ತಮ್ಮದೇ ಕಸುಬು ನಡೆಸಿಕೊಂಡು ಬಂದ ಹೆಂಗಸರ ಪರಿಚಯ ಅದರಲ್ಲಿರಬೇಕು. ಟ್ರಸ್ಟಿನ ಅಧ್ಯಕ್ಷರು ಅಕ್ಕಿ ಗಿರಣಿ ನಡೆಸುವವರು, ಹಣೆ ತುಂಬ ವಿಭೂತಿ, ಒಳ್ಳೆಯ ಮನಸ್ಸು. ಕೆಲಸವನ್ನೆಲ್ಲ ನೋಡಿಕೊಳ್ಳಲು ಒಬ್ಬ ಸಂಯೋಜಕನನ್ನು ಇಟ್ಟಿದ್ದರು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದವನು. ಊರೂರು ತಿರುಗಿ ಎಲ್ಲರ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದ.

ಅವನಿಗೆ ಫೋನ್ ಮಾಡಿದೆ. “ಇದನ್ನ ಯಾರು ಬರದದ್ದಪ್ಪ?” ಎಂದೆ.

“ನಾನ ರೀ ಮೇಡಂ.”

“ಖರೇ ಹೇಳು.”

ದನಿ ತಗ್ಗಿಸಿದ. “ಮಾತಾಡಿದ್ದನ್ನ ಮಷೀನ್ ಅಕ್ಷರ ಮಾಡಿಕೊಡ್ತದ್ರಿ. ಅದನ್ನ ಎ.ಐ.ಗೆ ಹಾಕಿ ‘ಲೇಖನ ಬರೀ’ ಅಂದ್ರ ಬರೀತದ. ಕಾಗುಣಿತ ಏನರ ತಪ್ಪಿದ್ರ ಅಷ್ಟು ನೋಡಿ ಕೊಡ್ರಿ, ಸಾಕು.”

ಕಾಗುಣಿತ! ಕಾಗುಣಿತ ಒಂದೇ ಅದರಲ್ಲಿ ಸರಿಯಾಗಿದ್ದದ್ದು. ಒತ್ತಕ್ಷರ, ಮಹಾಪ್ರಾಣ, ಎಲ್ಲ ಅಚ್ಚುಕಟ್ಟು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅಷ್ಟು ಶುದ್ಧವಾಗಿ ಬರೆದವರಲ್ಲ. ಆದರೆ ಆ ಶುದ್ಧ ವಾಕ್ಯಗಳ ಒಳಗೆ ಮನುಷ್ಯರು ಇರಲಿಲ್ಲ.

“ರೆಕಾರ್ಡಿಂಗ್ ಎಲ್ಲ ನನಗ ಕಳಸು,” ಎಂದೆ.

“ಅವು ಭಾಳ ಉದ್ದ ಅವ ಮೇಡಂ. ಯಾಕ್ರಿ?”

“ನೀ ಕಳಸು.”

ಕಳಿಸಿದ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮುಂದೆ ಕರಡು ಹರವಿಕೊಂಡು, ಒಂದೊಂದೇ ಸಾಲನ್ನು ಮಾತಿನ ಜೊತೆ ಹೊಂದಿಸಿ ನೋಡತೊಡಗಿದೆ. ಆಕೆ ಹೇಳಿದ ಮಾತಾದರೆ ಸಾಲಿನ ಪಕ್ಕ ಒಂದು ಸರಿ ಗುರುತು. ಆಕೆ ಹೇಳಿಲ್ಲ, ಆದರೆ ಬೇರೆ ಕಡೆ ವಿಚಾರಿಸಿ ತಿಳಿಯಬಹುದು ಎನ್ನುವಂಥದ್ದಾದರೆ ಪ್ರಶ್ನಾರ್ಥಕ. ಆಕೆಯೂ ಹೇಳಿಲ್ಲ, ವಿಚಾರಿಸುವುದಕ್ಕೂ ದಾರಿಯಿಲ್ಲ ಎಂದರೆ ಅಡ್ಡಗೀಟು. ಮೊದಲ ಪುಟ ಮುಗಿಯುವಷ್ಟರಲ್ಲಿ ಅಡ್ಡಗೀಟುಗಳದೇ ರಾಜ್ಯವಾಗಿತ್ತು.

ದೇವದುರ್ಗದ ಕುರಿ ವ್ಯಾಪಾರದ ಹೆಂಗಸಿನ ಲೇಖನದಲ್ಲಿ ಒಂದು ಸಾಲಿತ್ತು: ‘ದಣಿದ ಮನಸ್ಸಿಗೆ ಚೈತನ್ಯ ತುಂಬಲು ಅವರು ವಾರಕ್ಕೊಮ್ಮೆ ಶಾಂತಿಯನ್ನು ಅರಸಿ ಧ್ಯಾನದಲ್ಲಿ ತೊಡಗುತ್ತಾರೆ.’ ಇದೆಲ್ಲಿಂದ ಬಂತು ಎಂದು ಹಿಂದೆ ಮುಂದೆ ಮಾಡಿ ಕೇಳಿದೆ. ಹಿನ್ನೆಲೆಯಲ್ಲಿ ಕುರಿಗಳ ಗದ್ದಲ. ನಡುವೆ ಆಕೆಯ ಗಟ್ಟಿ ದನಿ: “ವಾರಕ್ಕೊಮ್ಮಿ ಸಂತಿಗೆ ಹೊಕ್ಕೀನ್ರಿ.”

ಸಂತಿ! ಮಾತನ್ನು ಅಕ್ಷರ ಮಾಡುವ ಮಷೀನಿಗೆ ನಮ್ಮ ಕಡೆ ಸಂತೆಗೆ ಅನ್ನುವ ‘ಸಂತಿ’ ‘ಶಾಂತಿ’ಯಾಗಿ ಕೇಳಿಸಿದೆ. ಲೇಖನ ಬರೆಯುವ ಮಷೀನು ಆ ಶಾಂತಿಗೊಂದು ಕಾರಣ ಕೊಡಬೇಕಲ್ಲ, ಧ್ಯಾನ ಮಾಡಿಸಿದೆ. ಕುರಿಯ ಕಿವಿ ಹಿಡಿದು ದರಕ್ಕೆ ಗುದ್ದಾಡುವ ಹೆಂಗಸನ್ನು ಕಣ್ಣು ಮುಚ್ಚಿಸಿ ಕೂರಿಸಿಬಿಟ್ಟಿದೆ. ನನಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ಬಂತು. ಈ ಹುಡುಗ ಆಕೆಯ ಎದುರೇ ಕೂತು ಕೇಳಿದವನಲ್ಲವೆ? ಒಮ್ಮೆ ಓದಿ ನೋಡಿದ್ದರೂ ಗೊತ್ತಾಗುತ್ತಿತ್ತು.

ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯಲ್ಲಿ ಮೀನು ಮಾರುವ ಹೆಂಗಸಿನ ಲೇಖನದಲ್ಲಿ ಊರು ತುಂಗಭದ್ರೆಯ ದಡಕ್ಕೆ ಹೋಗಿತ್ತು. ಗೂಗಲ್ ಇರುವುದು ಕೃಷ್ಣೆಯ ದಡದಲ್ಲಿ. ಅದು ಒಂದೇ ಕ್ಷಣದ ತಿದ್ದುಪಡಿ. ಆದರೆ ಅದರ ಕೆಳಗೆ ಅಲ್ಲಿಯ ಅಲ್ಲಮಪ್ರಭು ಗುಡಿಯನ್ನು ಕಟ್ಟಿಸಿದ ಅರಸ ಯಾರು, ಯಾವ ವರ್ಷ ಎಂದೆಲ್ಲ ಖಚಿತವಾಗಿ ಬರೆದಿತ್ತು. ಮೀನು ಮಾರುವಾಕೆ ಅಂದದ್ದು ಇಷ್ಟೇ: “ಗುಡಿ ಮುಂದ ಕುಂತು ಮಾರ್ತೀನಿ.” ಆಧಾರ ಏನು ಎಂದು ಸಂಯೋಜಕನನ್ನು ಕೇಳಿದೆ. ಅವನು ಮಷೀನನ್ನೇ ಕೇಳಿದ. ಅದು ಒಂದು ಪುಸ್ತಕದ ಹೆಸರು, ಬರೆದವರ ಹೆಸರು, ಪುಟದ ಸಂಖ್ಯೆ ಎಲ್ಲ ಕೊಟ್ಟಿತು.

“ನೋಡ್ರಿ ಮೇಡಂ, ಪುಟ ಸೈತ ಕೊಟ್ಟದ,” ಎಂದು ಹುರುಪಿನಿಂದ ಮೆಸೇಜು ಮಾಡಿದ.

ನಾನು ಗ್ರಂಥಾಲಯಕ್ಕೆ ಹೋದೆ. ಗ್ರಂಥಪಾಲಕರು ಪಟ್ಟಿಯೆಲ್ಲ ತಿರುವಿ ಹಾಕಿದರು, ಗುಲ್ಬರ್ಗದ ತಮ್ಮ ಸ್ನೇಹಿತರಿಗೂ ಫೋನ್ ಮಾಡಿದರು. ಅಂಥ ಪುಸ್ತಕವೂ ಸಿಗಲಿಲ್ಲ, ಅಂಥ ಲೇಖಕರನ್ನು ಬಲ್ಲವರೂ ಸಿಗಲಿಲ್ಲ. “ಪುಸ್ತಕ ಸಿಗವಲ್ತು ಅಂತ ಅದಕ್ಕ ಹೇಳು,” ಎಂದು ಹುಡುಗನಿಗೆ ಹೇಳಿದೆ. ಅವನು ಹೇಳಿದ. ಮಷೀನು ಬಹಳ ವಿನಯದಿಂದ ಕ್ಷಮೆ ಕೇಳಿ, ಅಷ್ಟೇ ಧೈರ್ಯದಿಂದ ಮತ್ತೊಂದು ಪುಸ್ತಕದ ಹೆಸರು ಕೊಟ್ಟಿತು. ಅದೂ ಎಲ್ಲೂ ಇರಲಿಲ್ಲ. ಅರಸನನ್ನೂ ವರ್ಷವನ್ನೂ ಅಡ್ಡಗೀಟು ಎಳೆದು ತೆಗೆದೆ. ಉಳಿದದ್ದು ಗುಡಿ, ಅದರ ಮುಂದೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು. ಅಷ್ಟು ಸಾಕಾಗಿತ್ತು.

ಆಮೇಲೆ ಮಲ್ಲಟದ ಲೇಖನ ಕೈಗೆ ಬಂತು.

ಮಾನ್ವಿ ಕಡೆಯ ಆ ಊರಿನಲ್ಲಿ ಒಬ್ಬಾಕೆ ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆ ಕೊಡುತ್ತಾಳೆ. ಲೇಖನ ಹೀಗೆ ಸಾಗಿತ್ತು: ‘ಅಪಘಾತದಲ್ಲಿ ಪತಿಯನ್ನು ಅಕಾಲಿಕವಾಗಿ ಕಳೆದುಕೊಂಡ ಅವರು, ವೈಧವ್ಯದ ಕತ್ತಲೆಯನ್ನು ಸೀಳಿ ಸ್ವಾವಲಂಬನೆಯ ಬೆಳಕಿನೆಡೆಗೆ ಹೆಜ್ಜೆ ಹಾಕಿದರು.’ ರೆಕಾರ್ಡಿಂಗ್‌ನಲ್ಲಿ ಹುಡುಕಿದೆ. ಅಪಘಾತ ಎಂಬ ಶಬ್ದವೇ ಇಲ್ಲ. ಪಾತ್ರೆಗಳ ಸಪ್ಪಳದ ನಡುವೆ ಆಕೆ ಹೇಳಿದ್ದು ಇಷ್ಟು: “ಮೊದಲ ಇಬ್ರೂ ಕೂಡಿ ನಡಸ್ತಿದ್ವಿ. ಆಮ್ಯಾಲ ಅಂವ ಹೋದ. ಆವಾಗಿಂದ ನಾನ ನೋಡ್ಕೊಂಡು ಹೊಂಟೀನಿ.”

ಅಂವ ಹೋದ. ಎಲ್ಲಿಗೆ ಹೋದ?

ಹುಡುಗನಿಗೆ ಫೋನ್ ಮಾಡಿದೆ. “ಆಕಿ ಗಂಡ ತೀರಿಹೋಗ್ಯಾನೇನು?”

“ಹೌದಲ್ರಿ. ‘ಹೋದ’ ಅಂದಾಳಲ್ರಿ.”

“‘ಹೋದ’ ಅಂದ್ರ ಸತ್ತ ಅಂತನ ಆಗಬೇಕೇನು? ಬಸ್ ಹೋತು ಅಂತೀವಿ, ಕರೆಂಟ್ ಹೋತು ಅಂತೀವಿ. ನೀ ಕೇಳಲಿಲ್ಲೇನು?”

“ಗಂಡನ ವಿಷಯ ಹ್ಯಾಂಗ ಕೆದಕಿ ಕೇಳೂದ್ರಿ ಮೇಡಂ? ಮತ್ತ ಎ.ಐ. ಬರಾಬರಿ ಬರದಿತ್ತಲ್ಲ ಅಂತ…”

ಆಕೆಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಮದುವೆಯ ಸೀಜನ್ನು, ಆಕೆಗೆಲ್ಲಿ ಪುರಸೊತ್ತು. ಒಬ್ಬ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಎಂಬುದನ್ನು ಪ್ರಶ್ನಾರ್ಥಕ ಹಾಕಿ ಬಿಡುವುದು ಹೇಗೆ? ಮರುದಿನ ಮಾನ್ವಿಯ ಬಸ್ ಹಿಡಿದು, ಅಲ್ಲಿಂದ ಬೇರೆ ಗಾಡಿ ಮಾಡಿಕೊಂಡು ಮಲ್ಲಟಕ್ಕೆ ಹೋದೆ. ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಮಷೀನು ಕೆಲಸ ಹಗುರ ಮಾಡುತ್ತದಂತೆ! ಒಂದು ಕ್ರಿಯಾಪದದ ಬೆನ್ನು ಹತ್ತಿ ನಾನು ಬಿಸಿಲಿನಲ್ಲಿ ಅಲೆಯುತ್ತಿದ್ದೆ.

ಆಕೆ ಮನೆಯ ಮುಂದೆ ಸೀರೆಯನ್ನು ಎತ್ತಿ ಕಟ್ಟಿಕೊಂಡು, ಒಂದು ದೊಡ್ಡ ಕಡಾಯಿಯ ಒಳಗೆ ಅರ್ಧ ಇಳಿದವಳಂತೆ ಬಗ್ಗಿ ತಿಕ್ಕುತ್ತಿದ್ದಳು. ಟ್ರಸ್ಟಿನ ಪುಸ್ತಕದವಳು ಎಂದ ಕೂಡಲೇ ಕೈ ತೊಳೆದುಕೊಂಡು, ಬಾಡಿಗೆಯ ಕುರ್ಚಿಗಳ ಸಾಲಿನಿಂದ ಒಂದನ್ನು ಎಳೆದು ಹಾಕಿದಳು.

“ಬರ್ರಿ ಟೀಚರಮ್ಮ, ಕುಂದರ್ರಿ. ನೀವು ಇಷ್ಟು ದೂರ ಯಾಕ ಬರಾಕ ಹೋದ್ರಿ?”

“ನಿಮ್ಮ ಬಗ್ಗಿ ಬರದದ್ದನ್ನ ನಿಮಗ ಓದಿ ತೋರಿಸಬೇಕಾಗಿತ್ತು. ತಪ್ಪಿದ್ರ ಹೇಳ್ರಿ,” ಎಂದು ಕರಡನ್ನು ಓದಿದೆ. ವೈಧವ್ಯದ ಕತ್ತಲೆ ಬಂದಾಗ ನನ್ನ ದನಿ ತಾನಾಗಿಯೇ ಸಣ್ಣದಾಯಿತು. ಆಕೆ ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು. ಮುಗಿದ ಮೇಲೆ ಮುಖ ಅರಳಿತ್ತು.

“ಭಾಳ ಚಂದ ಬರದಾರ್ರಿ.”

“ಆದರ ನಿಮ್ಮ ಯಜಮಾನ್ರು…”

“ಅದಾನ್ರಿ. ಶಕ್ತಿನಗರದಾಗ ಅದಾನ. ಗುತ್ತಿಗಿ ಕೆಲಸ ಮಾಡ್ತಾನ. ಅಲ್ಲೇ ಇನ್ನೊಂದು ಮನಿ ಮಾಡ್ಯಾನ.” ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು. “ನಮ್ಮ ಊರಾಗ ಎಲ್ಲರಿಗೂ ಗೊತ್ತದ.”

ನಾನು ಪೆನ್ನು ತೆಗೆದೆ. “ಅಂದ್ರ ಈ ಸಾಲು ತಪ್ಪು. ತಗದು ಹಾಕ್ತೀನಿ.”

“ತಗೀಬ್ಯಾಡ್ರಿ,” ಎಂದಳು.

ನನಗೆ ಅರ್ಥವಾಗಲಿಲ್ಲ.

“ಹಂಗ ಇರ್ಲಿ ಬಿಡ್ರಿ. ಸತ್ತಾನ ಅಂತನ ಇರ್ಲಿ. ಬಿಟ್ಟು ಹೋದ ಅಂದ್ರ ಓದಿದವ್ರು ಏನಂತಾರ? ಇವಳದ ಏನೋ ಇರಬೇಕು ಅಂತಾರ. ಸತ್ತ ಅಂದ್ರ ಅಯ್ಯೋ ಪಾಪ ಅಂತಾರ. ಪುಸ್ತಕದಾಗಾದ್ರೂ ನಾ ಮರ್ಯಾದಿಲಿಂದ ಇರತೀನಿ.”

“ಆದರ ಅದು ಸುಳ್ಳಲ್ರಿ, ಯವ್ವಾ.”

“ನೀವೇನ್ ಹೇಳಿದ ಸುಳ್ಳಲ್ಲಲ್ರಿ, ನಾನೂ ಹೇಳಿಲ್ಲ. ಮಷೀನ್ ಬರದದ. ನಿಮಗೇನು ತ್ರಾಸು?”

ಇಷ್ಟು ವರ್ಷ ಕರಡು ತಿದ್ದಿದ್ದೇನೆ, ಸುಳ್ಳೊಂದು ಯಾರದೂ ಅಲ್ಲದೆ ಹೀಗೆ ತಾನಾಗಿ ಹುಟ್ಟಿ ಬಂದು, ಅದನ್ನು ಒಬ್ಬರು ಬೇಕೆಂದು ಅಪ್ಪಿಕೊಂಡದ್ದು ಅದೇ ಮೊದಲು. ಪುಸ್ತಕದಲ್ಲಿ ಬಂದದ್ದನ್ನು ನಾಳೆ ಯಾರಾದರೂ ಓದಿ ಅವನಿಗೆ ಹೇಳಿದರೆ, ಬದುಕಿದ್ದವನನ್ನು ಸಾಯಿಸಿ ಹೆಸರು ಮಾಡಿಕೊಂಡಳು ಎಂದು ನಿಮ್ಮ ಮೇಲೆಯೇ ಬರುತ್ತದೆ ಎಂದೆ. “ಬರ್ಲಿ ಬಿಡ್ರಿ, ಬಂದ್ರ ಮಾತಾಡ್ತೀನಿ,” ಎಂದಳು. ಆಕೆಯ ದನಿ ಏರಿತ್ತು. ನನ್ನದೂ ಏರಿರಬೇಕು.

ಆಗ ಒಳಗಿನಿಂದ ಒಂದು ಮುದಿ ದನಿ ಬಂತು. “ಯವ್ವಾ, ನನ್ನ ಮಗನ್ನ ಸಾಯಿಸಬ್ಯಾಡ್ರಿ.”

ಬಾಗಿಲ ಮರೆಯಲ್ಲಿ ಒಬ್ಬ ಮುದುಕಿ ಗೋಡೆಗೆ ಆನಿಕೊಂಡು ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಬಂದಾಗಿನಿಂದ ಅಲ್ಲೇ ಇದ್ದಳು, ನಾನು ಕಂಡಿರಲಿಲ್ಲ. ಅದು ಆಕೆಯ ಅತ್ತೆ, ಹೋದವನ ತಾಯಿ.

“ಅಂವ ಮಾಡಿದ್ದು ಖರೇನ ಕೆಟ್ಟದ್ದು. ನಾ ಅವನ ಮನಿಗೆ ಕಾಲಿಟ್ಟಿಲ್ಲ. ಆದ್ರ ಸತ್ತಾನ ಅಂತ ಅಚ್ಚು ಹಾಕಿಸಬ್ಯಾಡ್ರಿ,” ಎಂದು ಮೊರ ಕೆಳಗಿಟ್ಟಳು.

ಸೊಸೆ ಮತ್ತೆ ಕಡಾಯಿಯ ಹತ್ತಿರ ಹೋದಳು, ಒಂದಿಷ್ಟು ತಿಕ್ಕಿದಳು, ಬಿಟ್ಟು ಬಂದಳು. “ಇಕಿ ನನ್ನ ಹತ್ರನ ಉಳದಾಳ್ರಿ,” ಎಂದಳು ಅತ್ತೆಯ ಕಡೆ ನೋಡದೆ. “ಮಗ ಕರೆಯಾಕ ಬಂದಿದ್ದ. ಹೋಗಲಿಲ್ಲ. ಶಾಮಿಯಾನದ ಬಟ್ಟಿ ಹರಿದ್ರ ಇಕಿನ ಹೊಲೀತಾಳ.”

“ಇದನ್ನ ಆ ಹುಡುಗನಿಗೆ ಹೇಳಿದ್ರೇನ್ರಿ?”

“ಅಂವ ಕೇಳಲಿಲ್ಲ.”

“ಬರೀಲೇನು?”

ಯೋಚಿಸಿದಳು. “ಬರೀರಿ. ಅವನ ಸುದ್ದಿ ಮಾತ್ರ ಭಾಳ ಬ್ಯಾಡ. ನಾ ಏನಂದೀನಿ ಅಷ್ಟ ಬರೀರಿ. ಅಂವ ಹೋದ, ಅತ್ತಿ ಉಳದಾಳ.”

ಅಷ್ಟನ್ನೇ ಬರೆದೆ. ಊರಿಗೆ ಮರಳುವವರೆಗೂ ಕಾಯಲಿಲ್ಲ, ಅಲ್ಲಿಯೇ ಬಾಡಿಗೆಯ ಕುರ್ಚಿಯ ಮೇಲೆ ಕೂತು ಲೇಖನವನ್ನು ಹೊಸದಾಗಿ ಬರೆದು ಇಬ್ಬರಿಗೂ ಓದಿ ತೋರಿಸಿ ಒಪ್ಪಿಗೆ ತೆಗೆದುಕೊಂಡೆ. ಅಪಘಾತ, ವೈಧವ್ಯ, ಕತ್ತಲೆ, ಬೆಳಕು ಎಲ್ಲ ಹೋದವು. ಓದುವವರು ‘ಹೋದ’ ಎಂಬುದಕ್ಕೆ ಏನಾದರೂ ಅರ್ಥ ಮಾಡಿಕೊಳ್ಳಲಿ, ಅದು ಆಕೆಯದೇ ಮಾತು, ಉದ್ಧರಣ ಚಿಹ್ನೆಯೊಳಗೆ ಇತ್ತು.

ಇದು ಇಲ್ಲಿಗೆ ಮುಗಿಯಬೇಕಿತ್ತು. ಉಳಿದ ಲೇಖನಗಳನ್ನೂ ಹೀಗೆಯೇ ಕೇಳಿ, ಕೆಲವರಿಗೆ ಫೋನಿನಲ್ಲಿ ಓದಿ ತೋರಿಸಿ, ತಿದ್ದಿ ಕೊಟ್ಟೆ. ಕೆಲವು ದಿನಗಳ ಮೇಲೆ ಪ್ರೆಸ್‌ನಿಂದ ಕೊನೆಯ ಪ್ರೂಫ್ ಬಂತು. ಅಲ್ಲಲ್ಲಿ ಪುಟ ಸಂಖ್ಯೆ ನೋಡಿದರೆ ಸಾಕು ಎಂದುಕೊಂಡು ಚಹಾ ಕುಡಿಯುತ್ತ ತೆರೆದೆ. ಮೊದಲ ಪುಟದಲ್ಲಿಯೇ ಕಣ್ಣುಗಳಲ್ಲಿ ಭರವಸೆಯ ಹೊಳಪು.

ಮಲ್ಲಟದ ಪುಟ ಹುಡುಕಿದೆ. ‘ಪತಿಯ ಅಗಲಿಕೆಯ ಆಘಾತದ ನಡುವೆಯೂ, ಪುತ್ರಶೋಕದಲ್ಲಿ ನೊಂದ ವೃದ್ಧ ಅತ್ತೆಗೆ ಆಸರೆಯಾಗಿ ನಿಂತ ಅವರು, ಮಾನವೀಯತೆಯ ಮೂರ್ತರೂಪ.’ ಪುತ್ರಶೋಕ! ಮಗನನ್ನು ಸಾಯಿಸಬೇಡಿ ಎಂದು ಬೇಡಿಕೊಂಡ ಮುದುಕಿಗೇ ಪುತ್ರಶೋಕ. ಚಹಾದ ಲೋಟವನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಪ್ರೂಫಿನ ಮೇಲೆಲ್ಲ ಚೆಲ್ಲಿತು.

ಹುಡುಗ ಫೋನಿನಲ್ಲಿ ತಡವರಿಸಿದ. “ಅಧ್ಯಕ್ಷರು ನೀವು ತಿದ್ದಿದ್ದು ನೋಡಿ ‘ಸಪ್ಪಗದ’ ಅಂದ್ರು ಮೇಡಂ. ಅದಕ್ಕ ಬರೇ ಭಾಷಿ ಪಾಲಿಶ್ ಮಾಡು ಅಂತ ಹಾಕಿದ್ದೆ. ವಿಷಯ ಬದಲ್ ಮಾಡಬ್ಯಾಡ ಅಂತನೂ ಹೇಳಿದ್ದೆ ರೀ ಅದಕ್ಕ.”

“ಹೇಳಿದ್ರ ಆತೇನು? ಬಂದ ಮ್ಯಾಲ ಓದಿದ್ಯಾ?”

ಓದಿರಲಿಲ್ಲ.

“ಈಗಿಂದೀಗ ಗಿರಣಿಗೆ ಬಾ,” ಎಂದು ಆಟೋ ಹತ್ತಿದೆ.

ಗಿರಣಿಯ ಆಫೀಸಿನಲ್ಲಿ ತೌಡಿನ ಧೂಳು, ಒಳಗಿನ ಮಷೀನಿನ ಗುಂಯ್‌ಗುಡುವಿಕೆ. ಅಧ್ಯಕ್ಷರು ಎದ್ದು ನಿಂತು ನಮಸ್ಕಾರ ಮಾಡಿದರು. ನಾನು ಪೀಠಿಕೆ ಹಾಕಲಿಲ್ಲ. ಮೊಬೈಲಿನಲ್ಲಿ ಮಲ್ಲಟದಾಕೆಯ ದನಿ ಕೇಳಿಸಿದೆ, ನಾನು ಬರೆದದ್ದನ್ನು ಓದಿದೆ, ಪ್ರೂಫಿನಲ್ಲಿದ್ದದ್ದನ್ನು ಓದಿದೆ.

“ಎರಡರಾಗ ಫರಕು ಏನದ ಮೇಡಂ? ಇದು ಓದಾಕ ಜರಾ ಚಲೋ ಅದ, ಅಷ್ಟ,” ಎಂದರು.

“ಫರಕು ಇಷ್ಟೇ ಸರ್, ಆ ಮನುಷ್ಯ ಜೀವಂತ ಅದಾನ. ಶಕ್ತಿನಗರದಾಗ. ಅವನ ತಾಯಿ ನನ್ನ ಮುಂದ ಕುಂತು ನನ್ನ ಮಗನ್ನ ಸಾಯಿಸಬ್ಯಾಡ್ರಿ ಅಂದಾಳ. ನಿಮ್ಮ ಪುಸ್ತಕ ಆಕಿಗೆ ಪುತ್ರಶೋಕ ಕೊಟ್ಟದ.”

ಅವರ ಮುಖದ ಬಣ್ಣ ಬದಲಾಯಿತು. “ಅಂದ್ರ ನಾಳೆ ಅಂವ ಪುಸ್ತಕ ಹಿಡ್ಕೊಂಡು ಇಲ್ಲಿಗೆ ಬಂದ್ರ?”

“ಬರಬಹುದು.”

“ಅಯ್ಯ, ಬ್ಯಾಡ ಬ್ಯಾಡ. ಜಲ್ದಿ ತಗಸ್ರಿ ಅದನ್ನ!”

ನಾನು ಒಂದು ಪೂರ್ತಿ ಮಧ್ಯಾಹ್ನ ಭಾಷೆ, ಸತ್ಯ, ಮನುಷ್ಯರ ಮಾತಿನ ಮರ್ಯಾದೆ ಎಂದೆಲ್ಲ ವಾದ ಮಾಡಲು ಸಜ್ಜಾಗಿ ಬಂದಿದ್ದೆ. ಅದೆಲ್ಲ ಬೇಕಾಗಲಿಲ್ಲ. ಗಲಾಟೆಯ ಹೆದರಿಕೆ ಒಂದೇ ಕೆಲಸ ಮುಗಿಸಿತು. ಸಮಾಧಾನವೂ ಆಯಿತು, ಮೈಯೆಲ್ಲ ಉರಿಯಿತು ಕೂಡ. ಕುರಿಯವಳ ಸಂತೆಯ ಸಲುವಾಗಿ ಯಾರೂ ಗಲಾಟೆ ಮಾಡುವವರಿರಲಿಲ್ಲ. ಹಾಗಾದರೆ ಅವಳನ್ನು ಧ್ಯಾನಕ್ಕೆ ಕೂರಿಸಬಹುದೆ? ಇದನ್ನೇ ಕೇಳಿದೆ. ಅಧ್ಯಕ್ಷರು ನಕ್ಕುಬಿಟ್ಟರು, ಕೊನೆಗೆ, “ಆತ್ರಿ, ನೀವು ತಿದ್ದಿದ್ದನ್ನ ಹಾಕ್ರಿ. ಆದರ ನನ್ನ ಮುನ್ನುಡಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ,” ಎಂದರು. ಅವರ ಮುನ್ನುಡಿಯಲ್ಲಿ ಮಹಿಳೆ ದೀಪವಾಗಿದ್ದಳು, ನದಿಯಾಗಿದ್ದಳು, ವೃಕ್ಷವಾಗಿದ್ದಳು. ಅದರಲ್ಲಿ ಯಾರನ್ನೂ ಸಾಯಿಸಿರಲಿಲ್ಲವಾದ್ದರಿಂದ ಹಲ್ಲು ಕಚ್ಚಿ ಒಪ್ಪಿದೆ.

ಹೊರಗೆ ಬಂದ ಮೇಲೆ ಹುಡುಗ ಗೇಟಿನ ಹತ್ತಿರ ನಿಂತಿದ್ದ. ಬೈಯಬೇಕೆಂದಿದ್ದೆ. ಅವನೇ ಮೊದಲು ಮಾತಾಡಿದ. “ನನಗ ಬರಿಯಾಕ ಬರಂಗಿಲ್ಲ ಅಂತಲ್ರಿ ಮೇಡಂ. ನಾ ಬರದ್ರ ನಮ್ಮ ಮನಿ ಮಾತಿನಂಗ ಬರ್ತದ. ಅದು ಪುಸ್ತಕದ ಕನ್ನಡ ಅಲ್ಲ ಅಂತ ಕಾಲೇಜಿನಾಗ ನಕ್ಕಿದ್ರು. ಇದು ಬರದ್ರ ಯಾರೂ ನಗಂಗಿಲ್ಲ.”

ನನ್ನ ಸಿಟ್ಟಿನ ಗಾಳಿ ಅರ್ಧ ಇಳಿದು ಹೋಯಿತು. “ನಡಿ ಪ್ರೆಸ್‌ಗೆ,” ಎಂದೆ. ಇಬ್ಬರೂ ಕೂತು ಪ್ರೂಫನ್ನು ಮೊದಲಿನಿಂದ ನೋಡಿದೆವು. ಅವನಿಗೆ ಒಂದು ಇಯರ್‌ಫೋನ್, ನನಗೊಂದು. ಯಾವ ಸಾಲು ಯಾರ ಬಾಯಿಂದಲೂ ಬಂದಿಲ್ಲವೋ ಅದನ್ನು ಅವನೇ ಹೊಡೆದು ಹಾಕತೊಡಗಿದ. ಒಂದೆರಡು ಕಡೆ ನನಗಿಂತ ಜೋರಾಗಿ ಗೀಟು ಎಳೆದ. ಡಿ.ಟಿ.ಪಿ. ಮಾಡುವವರು ಮಾತ್ರ, “ಇನ್ನ ಎಷ್ಟು ಸಲ ಬದಲ್ ಮಾಡ್ತೀರಿ?” ಎಂದು ನಮ್ಮಿಬ್ಬರ ಮೇಲೂ ಹರಿಹಾಯ್ದರು. ಅಚ್ಚಿಗೆ ಹೋಗುವ ಕಡತವನ್ನು ಇನ್ನು ಯಾವ ಮಷೀನಿಗೂ ತಿನ್ನಿಸುವುದಿಲ್ಲ ಎಂದು ಹುಡುಗನಿಂದ ಮಾತು ತೆಗೆದುಕೊಂಡೆ. ಆದರೂ ನಂಬಿಕೆ ಬರದೆ, ಅಚ್ಚಾದ ಮೊದಲ ಹಾಳೆಗಳು ಹೊರಬರುವವರೆಗೂ ಅಲ್ಲಿಯೇ ಕೂತಿದ್ದೆ.

ಪುಸ್ತಕ ಬಿಡುಗಡೆಗೆ ಮಲ್ಲಟದವರು ಬರಲಿಲ್ಲ. ಅಂದು ಎಲ್ಲಿಯೋ ಮದುವೆಗೆ ಪಾತ್ರೆ ಕಳಿಸುವುದಿತ್ತಂತೆ. ನಾನೇ ಪ್ರತಿಗಳನ್ನು ಒಯ್ದೆ. ಆಕೆ ಪಕ್ಕದ ಮನೆಯ ಸೊಸೆಯನ್ನು ಕರೆದು ಓದಿಸಿದಳು. ‘ಅಂವ ಹೋದ’ ಎಂಬಲ್ಲಿ ಯಾರೂ ತಲೆ ಎತ್ತಲಿಲ್ಲ. ಅತ್ತೆಯ ಹೊಲಿಗೆಯ ಮಾತು ಬಂದಾಗ ಮುದುಕಿ, “ಇನ್ನೊಮ್ಮಿ ಓದವ್ವ,” ಎಂದು ಹೇಳಿ ಮತ್ತೆ ಕೇಳಿದಳು.

ಓದಿ ಮುಗಿದ ಮೇಲೆ ಆಕೆ ಪುಸ್ತಕವನ್ನು ಕೈಗೆ ತೆಗೆದುಕೊಂಡು ತನ್ನ ಪುಟವನ್ನು ಹಿಂದೆ ಮುಂದೆ ತಿರುವಿದಳು. ಏನೋ ಹುಡುಕುತ್ತಿದ್ದಂತೆ ಕಂಡಿತು.

“ಏನಾತ್ರಿ? ತಪ್ಪದ ಏನು?” ಎಂದು ನಾನೂ ಪುಟದ ಮೇಲೆ ಬಗ್ಗಿದೆ.

“ನನ್ನ ಫೋನ್ ನಂಬರ್ ಹಾಕಿಲ್ಲೇನ್ರಿ?”

“ನಂಬರ್?”

“ಇಷ್ಟೆಲ್ಲ ಬರದೀರಿ, ಅದನ್ನ ಬಿಟ್ಟೀರಿ. ಓದಿದವ್ರಿಗೆ ಶಾಮಿಯಾನ ಬೇಕಾದ್ರ ಏನ್ ಮಾಡಬೇಕ್ರಿ? ಯಾರಿಗೆ ಹೇಳಬೇಕು?”

ಒಯ್ದಿದ್ದ ಪ್ರತಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಆಕೆ ಒಂದೊಂದೇ ಅಂಕಿ ಹೇಳಿದಂತೆ, ಆಕೆಯ ಪುಟದ ಕೆಳಗೆ ಕೆಂಪು ಪೆನ್ನಿನಿಂದ ನಂಬರು ಬರೆದೆ. ಬರೆದು ಮುಗಿಸಿದ ಮೇಲೆ ಆಕೆ ಪ್ರತಿಯೊಂದನ್ನೂ ತನ್ನ ಮೊಬೈಲಿನ ಜೊತೆ ಹೊಂದಿಸಿ ನೋಡಿದಳು.